ಐದನೇ ಸಲ ಕಾಣೆಯಾದಾಗ: COUNTIF ಕೊಡುವ ಭೇಟಿ ಸಂಖ್ಯೆ ಎಲ್ಲಿ ಕೆಡುತ್ತದೆ, ಹೇಗೆ ಹಿಡಿಯುವುದು

ಮಂಡ್ಯದ ನೂರಡಿ ರಸ್ತೆಯ ಕಡೆ ಬೈಕ್ ವಾಟರ್ ವಾಶ್ ಮಾಡುವ ಒಂದು ಸಣ್ಣ ಅಂಗಡಿ. ಗಿರಾಕಿ ಹಿಡಿದಿಟ್ಟುಕೊಳ್ಳಲು ಮಾಲೀಕರು ಒಂದು ಸ್ಕೀಮ್ ಇಟ್ಟಿದ್ದರು: ನಾಲ್ಕು ಸಲ ದುಡ್ಡು ಕೊಟ್ಟು ತೊಳೆಸಿದರೆ ಐದನೇ ಸಲ ಫ್ರೀ. ಯಾವ ಗಾಡಿ ಎಷ್ಟನೇ ಸಲ ಬಂದಿದೆ ಎನ್ನುವುದನ್ನು ಎಕ್ಸೆಲ್ ಶೀಟೇ ಹೇಳುತ್ತಿತ್ತು. ಕೌಂಟರಿನಲ್ಲಿರುವ ಹುಡುಗ ಗಾಡಿ ನಂಬರ್ ಒತ್ತುತ್ತಾನೆ, ಪಕ್ಕದಲ್ಲಿ 5 ಬಂದರೆ ದುಡ್ಡು ತಗೊಳ್ಳುವುದಿಲ್ಲ. ತಿಂಗಳ ಲೆಕ್ಕಕ್ಕೆ ಮಾಲೀಕರು ಶೀಟ್ ತೆರೆದಾಗ ಹುಡುಗ ಫ್ರೀ ಕೊಟ್ಟ ಸಾಲಿನಲ್ಲಿ 6 ಇತ್ತು. ಆ ಗಾಡಿಗೆ 4 ಇದೆ, 6 ಇದೆ, 5 ಎಲ್ಲೂ ಇಲ್ಲ. "ನಾನ್ ನೋಡ್ದಾಗ ಐದೇ ಇತ್ತು ಅಣ್ಣ, ಆಣೆಗೂ" ಅಂತ ಹುಡುಗ. "ಕಂಪ್ಯೂಟರ್ ಸುಳ್ ಹೇಳ್ತದಾ?" ಅಂತ ಮಾಲೀಕರು. ಫೈಲು ಮೈಸೂರಿಗೆ, ನನ್ನ ವಾಟ್ಸಾಪಿಗೆ ಬಂತು.

ಹುಡುಗ ಹೇಳಿದ್ದು ನಿಜ. ಅವನು ಒತ್ತಿದ ದಿನ ಅಲ್ಲಿ 5 ಇತ್ತು, ಆಮೇಲೆ ತಾನಾಗಿಯೇ 6 ಆಯಿತು. ಹೀಗೆ ಆಗುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಅದನ್ನು ಹಿಡಿಯುವ ಮೊದಲು ಈ ಎಣಿಕೆ ಮಾಡುವ COUNTIF ಫಾರ್ಮುಲಾ ಸರಿಯಿದ್ದಾಗ ಏನು ಮಾಡುತ್ತದೆ ಎನ್ನುವುದನ್ನು ನೋಡಿಬಿಡೋಣ.

ಸರಿಯಿದ್ದಾಗ ಹೇಗಿರುತ್ತದೆ

A ಕಾಲಂನಲ್ಲಿ ದಿನಾಂಕ, B ಯಲ್ಲಿ ಗಾಡಿ, C ಯಲ್ಲಿ ಕೆಲಸ, D ಯಲ್ಲಿ ಭೇಟಿ ಸಂಖ್ಯೆ. ಮೊದಲ ಸಾಲು ತಲೆಬರಹ, ಎರಡನೇ ಸಾಲಿನಿಂದ ನಮೂದು. ಅಂಗಡಿಯಲ್ಲಿ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯುವ ರೂಢಿ. ಅದರಲ್ಲೂ ಒಂದು ತೊಂದರೆಯಿದೆ, ಆಮೇಲೆ ಹೇಳುತ್ತೇನೆ. D2 ಸೆಲ್‌ನಲ್ಲಿ ಇದನ್ನು ಬರೆದು ಕೆಳಗೆ ಎಳೆಯಬೇಕು:

```
=COUNTIF($B$2:B2,B2)
```

ಇಡೀ ಯುಕ್ತಿ ಇರುವುದು `$B$2:B2` ಎಂಬ ರೇಂಜಿನಲ್ಲಿ. ಮೊದಲ ತುದಿಗೆ ಡಾಲರ್ ಗುರುತಿದೆ, ಎರಡನೇ ತುದಿಗೆ ಇಲ್ಲ. ಬಡಗಿ ಅಳತೆ ಟೇಪಿನ ಕೊಕ್ಕೆಯನ್ನು ಹಲಗೆಯ ಅಂಚಿಗೆ ಸಿಕ್ಕಿಸಿ ಇನ್ನೊಂದು ತುದಿ ಎಳೆಯುತ್ತಾನಲ್ಲ, ಹಾಗೆ. ಏಳನೇ ಸಾಲಿಗೆ ಬಂದಾಗ ರೇಂಜು `$B$2:B7` ಆಗಿರುತ್ತದೆ. ಅಂದರೆ 'ಶುರುವಿನಿಂದ ನನ್ನ ಸಾಲಿನವರೆಗೆ, ನನ್ನದೂ ಸೇರಿ, ಈ ಗಾಡಿ ಎಷ್ಟು ಸಲ ಇದೆ' ಎಂದು ಕೇಳಿದಂತೆ. ಕೆಳಗಿನ ಸಾಲುಗಳಲ್ಲಿ ಏನಿದೆ ಎನ್ನುವುದು ಅದಕ್ಕೆ ಗೊತ್ತೇ ಇರಬಾರದು. ಭೇಟಿ ಸಂಖ್ಯೆ ಸರಿಯಾಗಿ ಬರುವುದು ಆ ಕಾರಣಕ್ಕೇ.

ಜೂನ್ ತಿಂಗಳ ಒಂಬತ್ತು ನಮೂದುಗಳು ಹೀಗಿವೆ:

| ಸಾಲು | ದಿನಾಂಕ | ಗಾಡಿ | ಭೇಟಿ |
|---|---|---|---|
| 2 | ಜೂನ್ 2 | 4512 | 1 |
| 3 | ಜೂನ್ 2 | 417 | 1 |
| 4 | ಜೂನ್ 9 | 4512 | 2 |
| 5 | ಜೂನ್ 10 | 3301 | 1 |
| 6 | ಜೂನ್ 16 | 417 | 2 |
| 7 | ಜೂನ್ 17 | 4512 | 3 |
| 8 | ಜೂನ್ 24 | 3301 | 2 |
| 9 | ಜೂನ್ 30 | 4512 | 4 |
| 10 | ಜೂನ್ 30 | 417 | 3 |

ಎರಡನೇ ಗಾಡಿಯ ನಂಬರ್ 0417. ಎಕ್ಸೆಲ್ ಮುಂದಿನ ಸೊನ್ನೆಯನ್ನು ನುಂಗಿ 417 ಮಾಡಿದೆ. ಎಣಿಕೆಗೆ ಅದರಿಂದ ತೊಂದರೆಯಿಲ್ಲ. ಒಬ್ಬರು ಅಕ್ಷರವಾಗಿ '0417' ಅಂತ ಬರೆದು, ಇನ್ನೊಬ್ಬರು ಅಂಕಿಯಾಗಿ 417 ಅಂತ ಬರೆದರೂ COUNTIF ಎರಡನ್ನೂ ಒಂದೇ ಎಂದು ಎಣಿಸುತ್ತದೆ.

ಮೊದಲ ಪರೀಕ್ಷೆ: ರೇಂಜಿನ ಎರಡು ತುದಿ

ಭೇಟಿ ಸಂಖ್ಯೆ ತಪ್ಪಿದೆ ಎಂದು ಯಾರೇ ಫೈಲ್ ಕಳಿಸಲಿ, ನಾನು ಮೊದಲು ನೋಡುವುದು ಮೂರು ಸೆಲ್: ಮೇಲಿನದೊಂದು, ನಡುವಿನದೊಂದು, ಕಟ್ಟಕಡೆಯದೊಂದು. ಸೆಲ್ ಮೇಲೆ ನಿಂತು F2 ಒತ್ತಿದರೆ ಫಾರ್ಮುಲಾ ಯಾವ ಜಾಗ ನೋಡುತ್ತಿದೆ ಎನ್ನುವುದಕ್ಕೆ ಬಣ್ಣದ ಚೌಕಟ್ಟು ಬೀಳುತ್ತದೆ. ಚೌಕಟ್ಟಿನ ಮೇಲಂಚು ಮೊದಲ ನಮೂದಿನಲ್ಲಿರಬೇಕು, ಕೆಳಂಚು ನೀವು ನಿಂತಿರುವ ಸಾಲಿನಲ್ಲೇ ಇರಬೇಕು. ಒಂದು ಸಾಲು ಮೇಲೂ ಸಲ್ಲ, ಕೆಳಗೂ ಸಲ್ಲ. ನೋಡಿಯಾದ ಮೇಲೆ Enter ಅಲ್ಲ, Esc ಒತ್ತಿ ಹೊರಬನ್ನಿ. ಎಲ್ಲ ಫಾರ್ಮುಲಾವನ್ನೂ ಒಟ್ಟಿಗೆ ನೋಡಬೇಕಿದ್ದರೆ, ಎಕ್ಸೆಲ್ 2013 ಅಥವಾ ಅದರ ನಂತರದ್ದಾದರೆ, ಖಾಲಿ ಕಾಲಂನಲ್ಲಿ `=FORMULATEXT(D2)` ಹಾಕಿ ಎಳೆಯಿರಿ. ಕಣ್ಣು ಕೆಳಗೆ ಓಡಿಸುತ್ತಾ ಹೋದರೆ ಸರಣಿ ಎಲ್ಲಿ ತಪ್ಪಿದೆ ಎನ್ನುವುದು ಅಲ್ಲೇ ಕಾಣುತ್ತದೆ.

ಡಾಲರ್ ಗುರುತು ಎಡವಟ್ಟಾಗಿದ್ದರೆ ಸಂಖ್ಯೆಗಳ ಮುಖ ನೋಡಿಯೇ ಹೇಳಬಹುದು. D ಕಾಲಂ ಪೂರ್ತಿ 1 ಇದ್ದರೆ ಮೊದಲ ತುದಿಗೆ ಡಾಲರ್ ಹಾಕಿಲ್ಲ. ಏಳನೇ ಸಾಲಿನಲ್ಲಿ `B7:B7` ಆಗಿರುತ್ತದೆ, ಪ್ರತಿ ಸಾಲೂ ತನ್ನನ್ನು ಮಾತ್ರ ಎಣಿಸಿಕೊಳ್ಳುತ್ತದೆ. 4512 ಇರುವ ಎಲ್ಲ ಸಾಲಿನಲ್ಲೂ 4 ಎಂದೇ ಬಂದರೆ ಎರಡೂ ತುದಿ ಬಿಗಿದಿವೆ, ಬಂದಿರುವುದು ಒಟ್ಟು ಎಣಿಕೆ. ಇನ್ನೊಂದು ಸ್ವಲ್ಪ ಮೋಸದ್ದು: ಸಂಖ್ಯೆ ಏರುತ್ತಲೇ ಹೋಗಿ, ಹೊಸ ಗಾಡಿ ಬಂದರೂ 1 ಕ್ಕೆ ಇಳಿಯದಿರುವುದು. ಮೇಲಿನ ಪಟ್ಟಿಯಲ್ಲಾದರೆ 1, 1, 2, 2, 2, 3, 3, 4, 4 ಎಂದು ಬರುತ್ತದೆ. ಇಲ್ಲಿ ಅಲ್ಪವಿರಾಮದ ನಂತರದ B2 ಗೂ ಡಾಲರ್ ಬಿದ್ದಿದೆ, ಹಾಗಾಗಿ ಪ್ರತಿ ಸಾಲೂ 4512 ಅನ್ನೇ ಎಣಿಸುತ್ತಿದೆ. ಡಾಲರ್ ಹಾಕಲು F4 ಒತ್ತುವಾಗ ಕರ್ಸರ್ ಎಲ್ಲಿತ್ತು ಎನ್ನುವುದರ ಫಲ ಇದು.

ಫಾರ್ಮುಲಾ ಎಲ್ಲ ಸಾಲಿನಲ್ಲೂ ಸರಿಯಾಗಿದ್ದು, ಆದರೂ ಎಲ್ಲ ಕಡೆ 1 ಇದ್ದರೆ? ಆಗ ಲೆಕ್ಕ ಹಾಕುವುದೇ ನಿಂತಿದೆ. Formulas ಟ್ಯಾಬಿನ Calculation Options ನಲ್ಲಿ Manual ಆಯ್ಕೆಯಾಗಿರುತ್ತದೆ. ಮೇಲಿನ ಸೆಲ್‌ನ 1 ಅನ್ನು ಎಳೆದುಕೊಂಡು ಬಂದು ಹಾಗೇ ಬಿಟ್ಟಿರುತ್ತದೆ. F9 ಒತ್ತಿದ ತಕ್ಷಣ ಸಂಖ್ಯೆ ಸರಿಯಾದರೆ ರೋಗ ಇದೇ. Automatic ಗೆ ಬದಲಿಸಿ. ನೀವು ಮುಟ್ಟದೇ ಇದ್ದರೂ ಇದು ಬದಲಾಗಿರಬಹುದು, ಏಕೆಂದರೆ ಆ ಹೊತ್ತು ಮೊದಲು ತೆರೆದ ಫೈಲಿನ ಸೆಟ್ಟಿಂಗನ್ನೇ ಎಕ್ಸೆಲ್ ಮಿಕ್ಕ ಫೈಲುಗಳಿಗೂ ಹಿಡಿಯುತ್ತದೆ. ಆಡಿಟರ್ ಕಡೆಯಿಂದ ಬಂದ ದೊಡ್ಡ ಫೈಲ್ ತೆರೆದಿಟ್ಟು ನಿಮ್ಮದನ್ನು ತೆರೆದರೆ ಹೀಗಾಗುವುದುಂಟು.

ಮಂಡ್ಯದ ಫೈಲಿನಲ್ಲಿ ಇದ್ಯಾವುದೂ ಇರಲಿಲ್ಲ. ಮೇಲಿನ ಸೆಲ್ ಸರಿ, ನಡುವಿನದು ಸರಿ. ಕೊನೆಯ ಸೆಲ್ ಕೂಡ ಸರಿ. ಇಲ್ಲಿಗೆ ಬಿಟ್ಟಿದ್ದರೆ ದೋಷ ತಪ್ಪಿಸಿಕೊಳ್ಳುತ್ತಿತ್ತು.

ತಪ್ಪಿದ ಸಾಲನ್ನು ಶೀಟಿನಿಂದಲೇ ಹೇಳಿಸುವುದು

ನಮೂದು ನೂರಾರು ಇದ್ದಾಗ ಕಣ್ಣಿನಲ್ಲಿ ಹುಡುಕುವುದು ಆಗದ ಮಾತು. ಒಂದು ಗಾಡಿಗೆ ಒಂದು ಭೇಟಿ ಸಂಖ್ಯೆ ಒಂದೇ ಸಲ ಬರಬೇಕು. 4512 ಕ್ಕೆ 'ಮೂರನೇ ಸಲ' ಎನ್ನುವುದು ಎರಡು ಸಾಲಿನಲ್ಲಿರಲು ಸಾಧ್ಯವಿಲ್ಲ. ಇದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು. E2 ನಲ್ಲಿ:

```
=COUNTIFS($B$2:$B$13,B2,$D$2:$D$13,D2)
```

ಇಲ್ಲಿ ಎರಡೂ ತುದಿಗೆ ಡಾಲರ್ ಬೇಕು, ಇಡೀ ಪಟ್ಟಿ ನೋಡಬೇಕಾದ್ದರಿಂದ. ಕೊನೆಯ ಸಾಲು ಎಷ್ಟಿದೆಯೋ ಆ ಅಂಕಿ ಹಾಕಿಕೊಳ್ಳಿ. ಎಲ್ಲ ಸಾಲಿನಲ್ಲೂ 1 ಬಂದರೆ ಯಾವ ಸಂಖ್ಯೆಯೂ ಇಮ್ಮಡಿಯಾಗಿಲ್ಲ. ಎಲ್ಲಾದರೂ 2, 3 ಕಂಡರೆ ದೋಷ ಅಲ್ಲಿದೆ. ಆ ಫೈಲಿನಲ್ಲಿ ಜುಲೈನ ಮೂರು ನಮೂದು ಸೇರಿದ ಮೇಲೆ ಹೀಗಾಗಿತ್ತು:

| ಸಾಲು | ದಿನಾಂಕ | ಗಾಡಿ | ಬಂದದ್ದು | ಬರಬೇಕಿದ್ದದ್ದು |
|---|---|---|---|---|
| 10 | ಜೂನ್ 30 | 417 | 4 | 3 |
| 11 | ಜುಲೈ 7 | 4512 | 6 | 5 |
| 12 | ಜುಲೈ 8 | 417 | 4 | 4 |
| 13 | ಜುಲೈ 14 | 4512 | 6 | 6 |

ಎರಡರಿಂದ ಒಂಬತ್ತರವರೆಗಿನ ಸಾಲುಗಳಲ್ಲಿ ಎಲ್ಲವೂ ಸರಿ. ಹತ್ತರಿಂದ ಶುರುವಾಗಿದೆ ಕೇಡು. ಆದರೆ ಕಟ್ಟಕಡೆಯ ಸಾಲು ಮಾತ್ರ ಸರಿಯಾಗಿಯೇ ಕಾಣುತ್ತದೆ. ಈ ಗುರುತನ್ನು ನೆನಪಿಟ್ಟುಕೊಳ್ಳಿ: ಮೇಲ್ಭಾಗ ಸರಿ, ಒಂದು ಸಾಲಿನಿಂದ ಕೆಳಗೆ ಕೆಟ್ಟಿದೆ, ಕೆಟ್ಟ ಸಾಲುಗಳಲ್ಲಿ ಭೇಟಿ ಸಂಖ್ಯೆಯ ಬದಲು ಆ ಗಾಡಿಯ ಒಟ್ಟು ಎಣಿಕೆ ಕೂತಿದೆ.

ಕಾರಣ: ಶೀಟು ಟೇಬಲ್ ಆಗಿತ್ತು

D10 ಮೇಲೆ F2 ಒತ್ತಿದಾಗ ಚೌಕಟ್ಟು ಹತ್ತನೇ ಸಾಲಿಗೆ ನಿಲ್ಲದೆ ಹದಿಮೂರರವರೆಗೆ ಇಳಿಯಿತು. ಫಾರ್ಮುಲಾ `=COUNTIF($B$2:B13,B10)` ಆಗಿತ್ತು. ಯಾರೂ ಅದನ್ನು ತಿದ್ದಿಲ್ಲ. ತಿದ್ದಿದ್ದು ಎಕ್ಸೆಲ್.

ಜೂನ್ ಕೊನೆಯಲ್ಲಿ ಸಾಲುಗಳಿಗೆ ಬಣ್ಣ ಬರಲಿ ಎಂದು ಯಾರೋ Format as Table ಒತ್ತಿದ್ದರು. ನೋಡಲು ಚೆನ್ನಾಗಿತ್ತು, ಹೊಸ ನಮೂದು ಬರೆದರೆ ಫಾರ್ಮುಲಾ ತಾನೇ ಇಳಿದು ಬರುತ್ತಿತ್ತು, ಎಳೆಯುವ ಕೆಲಸವೂ ತಪ್ಪಿತು. ಆದರೆ ಟೇಬಲ್‌ಗೆ ಒಂದು ಗುಣವಿದೆ. ಟೇಬಲ್‌ನ ಒಂದು ಕಾಲಮನ್ನು ಮೊದಲ ನಮೂದಿನಿಂದ ಕೊನೆಯ ನಮೂದಿನವರೆಗೆ ಪೂರ್ತಿ ಹಿಡಿದಿರುವ ರೇಂಜು ಎಲ್ಲಿದ್ದರೂ, ಟೇಬಲ್ ಉದ್ದವಾದಾಗ ಎಕ್ಸೆಲ್ ಆ ರೇಂಜನ್ನೂ ಉದ್ದ ಮಾಡುತ್ತದೆ. ಒಟ್ಟು ಮೊತ್ತ ಹಾಕುವ SUM ಗೆ ಇದು ಉಪಕಾರ. ನಮ್ಮ ಫಾರ್ಮುಲಾಗೆ ಕುತ್ತು.

ಹೇಗೆ ನೋಡಿ. ಟೇಬಲ್ ಎರಡರಿಂದ ಹತ್ತನೇ ಸಾಲಿನವರೆಗಿದ್ದಾಗ D10 ರ ರೇಂಜು `$B$2:B10`. ಅದು ಇಡೀ ಕಾಲಂ ಆಯಿತಲ್ಲ! D9 ರದ್ದು ಒಂಬತ್ತಕ್ಕೇ ನಿಂತಿದೆ, ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ. ಜುಲೈ 7 ಕ್ಕೆ ಹುಡುಗ ಹನ್ನೊಂದನೇ ಸಾಲಿನಲ್ಲಿ 4512 ಒತ್ತಿದ. ಟೇಬಲ್ ಒಂದು ಸಾಲು ಬೆಳೆಯಿತು, D10 ರ ರೇಂಜು `$B$2:B11` ಆಯಿತು. ಹತ್ತನೇ ಸಾಲಿನ ಗಾಡಿ 417, ಹೊಸದಾಗಿ ಬಂದದ್ದು 4512. ಎಣಿಕೆ ಬದಲಾಗಲಿಲ್ಲ, 3 ಹಾಗೇ ಉಳಿಯಿತು. ಹನ್ನೊಂದರಲ್ಲಿ 5 ಬಂತು, ಹುಡುಗ ಸರಿಯಾಗಿಯೇ ಫ್ರೀ ಕೊಟ್ಟ. ಮರುದಿನ 417 ಬಂದಾಗ D10 ರ ರೇಂಜು ಹನ್ನೆರಡಕ್ಕೆ ಇಳಿದು, 3 ಇದ್ದದ್ದು 4 ಆಯಿತು. ಹನ್ನೊಂದನೇ ಸಾಲಿನ ರೇಂಜೂ ಈಗ ಇಡೀ ಕಾಲಂ ಹಿಡಿದಿರುವುದರಿಂದ ಅದೂ ಜೊತೆಗೆ ಜಾರಿತು. ಜುಲೈ 14 ಕ್ಕೆ 4512 ಮತ್ತೆ ಬಂದ ಕ್ಷಣ D11 ರ 5 ಹೋಗಿ 6 ಆಯಿತು.

ಈ ದೋಷ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದಿರುವುದು ಇದಕ್ಕೇ. ನಮೂದು ಮಾಡುವವನು ನೋಡುವುದು ಕೊನೆಯ ಸಾಲನ್ನು ಮಾತ್ರ, ಅದು ಯಾವಾಗಲೂ ಸರಿ. ಕೆಡುವುದು ಅವನ ಬೆನ್ನ ಹಿಂದಿನ ಸಾಲುಗಳು, ಅದೂ ಅದೇ ಗಾಡಿ ಮತ್ತೆ ಬಂದಾಗ ಮಾತ್ರ.

ನಿಮ್ಮ ಶೀಟು ಟೇಬಲ್ ಹೌದೋ ಅಲ್ಲವೋ ಗೊತ್ತಾಗಬೇಕಾದರೆ ನಮೂದಿನ ಒಳಗೆ ಎಲ್ಲಾದರೂ ಕ್ಲಿಕ್ ಮಾಡಿ. ಮೇಲೆ Table Design ಎಂಬ ಟ್ಯಾಬ್ ಬಂದರೆ ಟೇಬಲ್. ಬರೀ ಬಣ್ಣ ನೋಡಿ ತೀರ್ಮಾನಿಸಬೇಡಿ, ಕೈಯಲ್ಲಿ ಬಣ್ಣ ಹಾಕಿದ ಶೀಟೂ ಹಾಗೇ ಕಾಣುತ್ತದೆ.

ಸರಿಪಡಿಸುವುದು

ಟೇಬಲ್ ಇಟ್ಟುಕೊಂಡೇ ಸರಿಮಾಡಬಹುದು. ಸೆಲ್ ವಿಳಾಸದ ಬದಲು ಟೇಬಲ್‌ನ ಕಾಲಂ ಹೆಸರಿನಿಂದ ರೇಂಜು ಕಟ್ಟಬೇಕು. B ಕಾಲಂನ ತಲೆಬರಹ 'ಗಾಡಿ' ಎಂದಿದ್ದರೆ:

```
=COUNTIF(INDEX([ಗಾಡಿ],1):[@ಗಾಡಿ],[@ಗಾಡಿ])
```

`INDEX([ಗಾಡಿ],1)` ಎಂದರೆ ಗಾಡಿ ಕಾಲಂನ ಮೊದಲ ನಮೂದು. INDEX ಬರೀ ಬೆಲೆಯನ್ನಲ್ಲ, ಆ ಸೆಲ್ಲನ್ನೇ ಕೊಡುವುದರಿಂದ ಅದರ ಮುಂದೆ ಕೋಲನ್ ಹಾಕಿ ರೇಂಜು ಮಾಡಲು ಬರುತ್ತದೆ. `[@ಗಾಡಿ]` ಎಂದರೆ ಇದೇ ಸಾಲಿನ ಗಾಡಿ. ಎರಡು ತುದಿಯಲ್ಲೂ ಸಾಲಿನ ಅಂಕಿಯೇ ಇಲ್ಲ. ಟೇಬಲ್ ಎಷ್ಟೇ ಉದ್ದವಾಗಲಿ, ಜಾರಲು ಅಲ್ಲಿ ಏನೂ ಉಳಿದಿಲ್ಲ. ಎಲ್ಲ ಸಾಲಿನಲ್ಲೂ ಅಕ್ಷರಶಃ ಒಂದೇ ಫಾರ್ಮುಲಾ ಇರುತ್ತದೆ, ಹೊಸ ಸಾಲಿಗೂ ಅದೇ ಬರುತ್ತದೆ. ತಲೆಬರಹದಲ್ಲಿ ಜಾಗ ಬಿಟ್ಟು ಎರಡು ಪದ ಬರೆದಿದ್ದರೆ `[@[ಗಾಡಿ ನಂಬರ್]]` ಎಂದು ಇನ್ನೊಂದು ಜೊತೆ ಆವರಣ ಬೇಕಾಗುತ್ತದೆ. ಒಂದೇ ಪದ ಇಟ್ಟುಕೊಳ್ಳುವುದು ವಾಸಿ.

ಒಂದು ಎಚ್ಚರ. ಕೆಟ್ಟ ಸಾಲುಗಳನ್ನಷ್ಟೇ ತಿದ್ದಿ ಬಿಡಬೇಡಿ. ಹಳೆಯ ಫಾರ್ಮುಲಾ ಒಂದು ಸಾಲಿನಲ್ಲಿ ಉಳಿದರೂ ಟೇಬಲ್ ಮುಂದೆ ಯಾವುದನ್ನು ಇಳಿಸುತ್ತದೆ ಎನ್ನುವ ಗೊಂದಲ ಉಳಿಯುತ್ತದೆ. D ಕಾಲಂನ ನಮೂದುಗಳನ್ನೆಲ್ಲ ಆಯ್ದು Delete ಒತ್ತಿ, D2 ನಲ್ಲಿ ಹೊಸ ಫಾರ್ಮುಲಾ ಬರೆದು Enter ಹಾಕಿ. ಕಾಲಂ ತಾನಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಬೇಕೆಂದೇ ಎರಡು ಸುಳ್ಳು ನಮೂದು ಮಾಡಿ: ಕೊನೆಯ ಗಾಡಿಯ ನಂಬರನ್ನೇ ಸಾಲಾಗಿ ಎರಡು ಸಲ ಒತ್ತಿ, ಅದರ ಹಿಂದಿನ ಸಾಲಿನ ಸಂಖ್ಯೆ ಅಲುಗಿತೇ ನೋಡಿ. ಅಲುಗದಿದ್ದರೆ ಸರಿಯಾಗಿದೆ, ಆ ಎರಡು ಸಾಲನ್ನು ಅಳಿಸಿ. ಮಂಡ್ಯದ ಫೈಲಿನಲ್ಲಿ ಹನ್ನೊಂದನೇ ಸಾಲಿಗೆ 5 ವಾಪಸ್ ಬಂತು, E ಕಾಲಂ ಉದ್ದಕ್ಕೂ 1 ನಿಂತಿತು. ಹುಡುಗನ ಮೇಲಿನ ಅನುಮಾನವೂ ತೀರಿತು.

ಜೊತೆಗೆ ಮಾಲೀಕರಿಗೆ ಇನ್ನೊಂದು ಮಾತು ಹೇಳಿದೆ. ಫ್ರೀ ಕೊಟ್ಟಿದ್ದನ್ನು C ಕಾಲಂನಲ್ಲಿ 'ಫ್ರೀ' ಎಂದು ಕೈಯಲ್ಲೇ ಒತ್ತಿಸಿ. ಫಾರ್ಮುಲಾ ಕೊಡುವುದು ಈ ಹೊತ್ತಿನ ಎಣಿಕೆಯನ್ನು. ಅಂದು ಕೌಂಟರಿನಲ್ಲಿ ಏನು ನಡೆಯಿತು ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಟೇಬಲ್ ಬೇಡ, ಬರೀ ಶೀಟು ಸಾಕು ಎನ್ನುವವರು Table Design ನಲ್ಲಿ Convert to Range ಒತ್ತಿ, ಫಾರ್ಮುಲಾವನ್ನು ಮೊದಲಿನಿಂದ ಬರೆದು ಎಳೆಯಬಹುದು. ಆಗ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿ: `$B$2` ಬದಲು ತಲೆಬರಹದ ಸೆಲ್‌ನಿಂದ, ಅಂದರೆ `$B$1:B2` ಎಂದು ಶುರು ಮಾಡಿ. ಬಿಟ್ಟುಹೋದ ಹಳೆಯ ನಮೂದನ್ನು ಸೇರಿಸಲು ಯಾರಾದರೂ ಎರಡನೇ ಸಾಲಿನ ಮೇಲೆ ಹೊಸ ಸಾಲು ತೂರಿಸಿದರೆ `$B$2` ಆಗಿದ್ದದ್ದು `$B$3` ಆಗಿಬಿಡುತ್ತದೆ, ಹೊಸ ನಮೂದು ಎಣಿಕೆಗೆ ಸಿಗುವುದೇ ಇಲ್ಲ. ತಲೆಬರಹದಿಂದ ಶುರು ಮಾಡಿದರೆ ಆ ಭಯವಿಲ್ಲ. 'ಗಾಡಿ' ಎಂಬ ಪದ ಯಾವ ನಂಬರಿಗೂ ಹೊಂದುವುದಿಲ್ಲವಾದ್ದರಿಂದ ಎಣಿಕೆ ಹೆಚ್ಚುವ ಪ್ರಶ್ನೆಯೂ ಇಲ್ಲ.

ಸಾಲುಗಳನ್ನು ಹಿಂದುಮುಂದು ಮಾಡಿದಾಗ

ಫಾರ್ಮುಲಾ ಸರಿ, E ಕಾಲಂನ ಪರೀಕ್ಷೆಯೂ ಸರಿ, ಆದರೂ ನಿನ್ನೆ ಬಂದ ಗಾಡಿಗೆ 1, ಜೂನ್‌ನಲ್ಲಿ ಬಂದಾಗಿನದಕ್ಕೆ 6! ಇದು ಹೊಸ ನಮೂದು ಮೇಲೆ ಕಾಣಲಿ ಎಂದು ದಿನಾಂಕದ ಮೇಲೆ ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಿದವರ ಗೋಳು. ಹಿಗ್ಗುವ ರೇಂಜಿಗೆ ದಿನಾಂಕದ ಪರಿವೆಯೇ ಇಲ್ಲ. ಶೀಟಿನಲ್ಲಿ ಯಾವುದು ಮೇಲಿದೆಯೋ ಅದು ಅದರ ಪಾಲಿಗೆ ಮೊದಲು. ಇದನ್ನು ದೋಷ ಎನ್ನುವ ಹಾಗೂ ಇಲ್ಲ, ಫಾರ್ಮುಲಾ ಹೇಳಿದ ಕೆಲಸವನ್ನೇ ಮಾಡುತ್ತಿದೆ.

ಶೀಟನ್ನು ಹೇಗೆ ಬೇಕಾದರೂ ಸಾರ್ಟ್ ಮಾಡುವ ಅಭ್ಯಾಸವಿದ್ದರೆ ಎಣಿಕೆಯನ್ನು ದಿನಾಂಕಕ್ಕೆ ಕಟ್ಟಬೇಕು. ಬಹಳ ಜನ ಇಲ್ಲಿ 'ನನ್ನ ದಿನಾಂಕ ಅಥವಾ ಅದಕ್ಕಿಂತ ಹಿಂದಿನವು' ಎಂದು `"<="&A2` ಹಾಕಿ ಮುಗಿಸುತ್ತಾರೆ. ಅದೇ ಗಾಡಿ ಒಂದೇ ದಿನ ಎರಡು ಸಲ ಬಂದರೆ ಅದು ಸೋಲುತ್ತದೆ, ಎರಡೂ ಸಾಲಿಗೆ ದೊಡ್ಡ ಸಂಖ್ಯೆಯೇ ಬರುತ್ತದೆ. ಬೆಳಿಗ್ಗೆ ತೊಳೆಸಿ, ಸಂಜೆ ಮಳೆ ಬಂದು ಕೆಸರಾಗಿ ಮತ್ತೆ ಬರುವವರು ಇಲ್ಲವೆನ್ನುವಂತಿಲ್ಲ. ಅದಕ್ಕೆ ಎಣಿಕೆಯನ್ನು ಎರಡು ತುಂಡು ಮಾಡುತ್ತೇನೆ:

```
=COUNTIFS($B$2:$B$500,B2,$A$2:$A$500,"<"&A2)
 +COUNTIFS($B$1:B2,B2,$A$1:A2,A2)
```

ಮೊದಲ ತುಂಡು ಇಡೀ ಪಟ್ಟಿಯಲ್ಲಿ ಇದಕ್ಕಿಂತ ಹಿಂದಿನ ದಿನಗಳ ಭೇಟಿಗಳನ್ನು ಎಣಿಸುತ್ತದೆ, ಸಾಲು ಎಲ್ಲೇ ಇರಲಿ. ಎರಡನೇ ತುಂಡು ನಮ್ಮ ಹಳೆಯ ಹಿಗ್ಗುವ ರೇಂಜೇ, ಅದೇ ದಿನದ ನಮೂದುಗಳಿಗೆ ಮಾತ್ರ. ಸಾರ್ಟ್ ಮಾಡುವಾಗ ಒಂದೇ ದಿನಾಂಕದ ಸಾಲುಗಳ ನಡುವಿನ ಕ್ರಮವನ್ನು ಎಕ್ಸೆಲ್ ಕದಡುವುದಿಲ್ಲವಾದ್ದರಿಂದ ಬೆಳಗಿನದು ಬೆಳಗಿನದಾಗಿಯೇ ಉಳಿಯುತ್ತದೆ. ಇದನ್ನು ಟೇಬಲ್‌ನಲ್ಲಿ ಹಾಕುವುದಾದರೆ ಎರಡನೇ ತುಂಡಿನ ರೇಂಜುಗಳನ್ನು ಮೇಲಿನಂತೆ INDEX ನಿಂದಲೇ ಕಟ್ಟಿ, ಇಲ್ಲದಿದ್ದರೆ ಹಳೆಯ ಕಥೆಯೇ ಮತ್ತೆ.

ಈ ಫಾರ್ಮುಲಾ ಹಾಕಿದ ಮೇಲೂ ವಿಚಿತ್ರ ಸಂಖ್ಯೆ ಬಂದರೆ ದಿನಾಂಕವನ್ನೇ ಅನುಮಾನಿಸಿ. ನಮ್ಮವರು 30.6.2025 ಎಂದು ಚುಕ್ಕಿ ಹಾಕಿ ಬರೆಯುತ್ತಾರೆ, ಎಕ್ಸೆಲ್ ಅದನ್ನು ಸಾಮಾನ್ಯವಾಗಿ ದಿನಾಂಕವೆಂದು ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಖಾಲಿ ಸೆಲ್‌ನಲ್ಲಿ `=ISNUMBER(A2)` ಹಾಕಿ. FALSE ಬಂದರೆ ಅದು ದಿನಾಂಕವಲ್ಲ.

ಒಂದೇ ಗಾಡಿ ಎರಡಾಗುವುದು, ಎರಡು ಗಾಡಿ ಒಂದಾಗುವುದು

ಈಗ ಆ ನಾಲ್ಕು ಅಂಕಿಯ ವಿಷಯ. KA-11 ಮಂಡ್ಯದ್ದು, KA-09 ಮೈಸೂರಿನದು. ಎರಡು ಕಡೆಯೂ 4512 ಇರುತ್ತದೆ. ಸಾಲದ್ದಕ್ಕೆ ಮಂಡ್ಯದಲ್ಲೇ ಬೇರೆ ಬೇರೆ ಸರಣಿಯಲ್ಲಿ ಹಲವು 4512 ಇರುತ್ತವೆ. ಶೀಟಿಗೆ ಅವೆಲ್ಲ ಒಂದೇ ಗಾಡಿ, ಎರಡನೇ ಸಲ ಬಂದವನಿಗೆ ಐದನೇ ಸಲದ ಫ್ರೀ ಹೋಗುತ್ತದೆ. ಈ ತಪ್ಪನ್ನು ಯಾವ ಫಾರ್ಮುಲಾವೂ ಹಿಡಿಯಲಾರದು, E ಕಾಲಂನ ಪರೀಕ್ಷೆಯೂ 1 ಎಂದೇ ಹೇಳುತ್ತದೆ. ಪೂರ್ತಿ ನಂಬರ್ ಬರೆಯುವುದೊಂದೇ ದಾರಿ.

ಪೂರ್ತಿ ಬರೆಯಲು ಶುರು ಮಾಡಿದ ಕೂಡಲೇ ಇನ್ನೊಂದು ಬಾಗಿಲು ತೆರೆಯುತ್ತದೆ. ಒಬ್ಬ KA11 ಎಂದು ಸೇರಿಸಿ ಬರೆಯುತ್ತಾನೆ, ಇನ್ನೊಬ್ಬ KA 11 ಎಂದು ಜಾಗ ಬಿಡುತ್ತಾನೆ, ಮತ್ತೊಬ್ಬ KA-11 ಎಂದು ಗೀಟು ಹಾಕುತ್ತಾನೆ. COUNTIF ಸಣ್ಣಕ್ಷರ ದೊಡ್ಡಕ್ಷರದ ಭೇದ ಮಾಡುವುದಿಲ್ಲ, ka ಎಂದರೂ KA ಎಂದರೂ ಅದಕ್ಕೆ ಒಂದೇ. ಆದರೆ ಜಾಗ ಮತ್ತು ಗೀಟು ಬೇರೆ ಬೇರೆಯೇ. ಲಕ್ಷಣ ಏನೆಂದರೆ ನಾಲ್ಕೈದು ಸಲ ಬಂದವನಿಗೆ ಮತ್ತೆ 1 ರಿಂದ ಶುರುವಾಗುವುದು. TRIM ಇಲ್ಲಿ ಕೆಲಸಕ್ಕೆ ಬಾರದು, ಅದು ಹಿಂದುಮುಂದಿನ ಜಾಗ ತೆಗೆಯುತ್ತದೆ, ನಡುವಿನ ಒಂದು ಜಾಗವನ್ನು ಹಾಗೇ ಬಿಡುತ್ತದೆ. ಪಕ್ಕದಲ್ಲಿ ಒಂದು ಕಾಲಂ ಮಾಡಿ, ಅದರಲ್ಲಿ ತೊಳೆದ ನಂಬರ್ ಇಟ್ಟು, ಎಣಿಕೆಯನ್ನು ಆ ಕಾಲಂ ಮೇಲೆ ನಡೆಸಿ:

```
=SUBSTITUTE(SUBSTITUTE(B2," ",""),"-","")
```

ಇನ್ನೊಂದು ಕೀಟಲೆ ನಕ್ಷತ್ರದ್ದು. ಉದ್ರಿ ಗಿರಾಕಿ ಎಂಬ ಗುರುತಿಗೆ ಕೆಲವರು ಪೂರ್ತಿ ನಂಬರಿನ ಕೊನೆಗೆ * ಹಾಕುತ್ತಾರೆ. COUNTIF ಗೆ ನಕ್ಷತ್ರ ಎಂದರೆ 'ಇಲ್ಲಿಂದ ಮುಂದೆ ಏನಿದ್ದರೂ ಸರಿ'. ಹಾಗಾಗಿ ಮೂರನೇ ಭೇಟಿಗೆ ನಕ್ಷತ್ರ ಹಾಕಿದ್ದರೆ ಆ ಸಾಲು ಮೇಲಿನ ನಕ್ಷತ್ರವಿಲ್ಲದ ಸಾಲುಗಳನ್ನೂ ಎಣಿಸಿಕೊಂಡು ಸರಿಯಾಗಿ 3 ಎನ್ನುತ್ತದೆ. ಆದರೆ ಅದರ ನಂತರ ಬರುವ ನಕ್ಷತ್ರವಿಲ್ಲದ ಸಾಲಿಗೆ ನಕ್ಷತ್ರದ ಸಾಲು ಲೆಕ್ಕಕ್ಕೆ ಸಿಗುವುದಿಲ್ಲ, ಅದೂ 3 ಎನ್ನುತ್ತದೆ. ಗಿರಾಕಿಗೆ ಒಂದು ಭೇಟಿ ನಷ್ಟ. ಉದ್ರಿಗೆ ಬೇರೆ ಕಾಲಂ ಕೊಡಿ.

ಗಾಡಿ ನಂಬರ್ ಖಾಲಿ ಬಿಟ್ಟ ಸಾಲಿನಲ್ಲಿ 0 ಕಂಡರೆ ಗಾಬರಿ ಬೇಡ. ಖಾಲಿಯನ್ನು COUNTIF ಸೊನ್ನೆ ಎಂದು ಹುಡುಕುತ್ತದೆ, ಸಿಗುವುದಿಲ್ಲ. ಕಣ್ಣಿಗೆ ಕಿರಿಕಿರಿ ಎನಿಸಿದರೆ `=IF(B2="","",COUNTIF($B$1:B2,B2))`.

ಶೀಟು ತೆವಳಲು ಶುರುವಾದರೆ

ಹತ್ತನೇ ಸಾಲು ಹತ್ತು ಸೆಲ್ ನೋಡುತ್ತದೆ, ಹತ್ತು ಸಾವಿರದನೇ ಸಾಲು ಹತ್ತು ಸಾವಿರ ಸೆಲ್ ನೋಡುತ್ತದೆ. ಎಲ್ಲ ಕೂಡಿದರೆ ಹತ್ತು ಸಾವಿರ ಸಾಲಿಗೆ ಸುಮಾರು ಐದು ಕೋಟಿ ಹೋಲಿಕೆ. ಸಾಲು ಇಮ್ಮಡಿಯಾದರೆ ಕೆಲಸ ನಾಲ್ಕು ಪಟ್ಟು. ವಾಟರ್ ವಾಶ್ ಅಂಗಡಿಗೆ ಈ ಚಿಂತೆ ಬೇಡ, ವರ್ಷಕ್ಕೊಂದು ಶೀಟು ಮಾಡಿದರೂ ಆಗುತ್ತದೆ. ಆದರೆ ಹಲವು ವರ್ಷದ ನಮೂದು ಒಂದೇ ಕಡೆ ಬೇಕೆನ್ನುವವರು ಮೊದಲು ಗಾಡಿ, ಆಮೇಲೆ ದಿನಾಂಕ ಎಂಬ ಕ್ರಮದಲ್ಲಿ ಸಾರ್ಟ್ ಮಾಡಿ ಇದನ್ನು ಹಾಕಬಹುದು:

```
=IF(B2=B1,D1+1,1)
```

ಇದು ಮೇಲಿನ ಒಂದೇ ಸಾಲು ನೋಡುತ್ತದೆ, ಲಕ್ಷ ಸಾಲಿದ್ದರೂ ತಡವರಿಸುವುದಿಲ್ಲ. ಒಂದು ಷರತ್ತು: ಆ ಕ್ರಮ ಕದಡಿದರೆ ಎಣಿಕೆಯೂ ಕದಡುತ್ತದೆ. ಅದಕ್ಕೇ ಸಂಖ್ಯೆ ಬಂದ ಕೂಡಲೇ D ಕಾಲಂ ಕಾಪಿ ಮಾಡಿ, ಅದೇ ಜಾಗದಲ್ಲಿ Paste Special ನ Values ಆಯ್ದು ಒತ್ತಿ, ಫಾರ್ಮುಲಾ ತೆಗೆದು ಬರೀ ಅಂಕಿ ಉಳಿಸಿಕೊಳ್ಳಿ. ಆಮೇಲೆ ದಿನಾಂಕದ ಕ್ರಮಕ್ಕೆ ವಾಪಸ್ ಸಾರ್ಟ್ ಮಾಡಿದರೂ ಅಡ್ಡಿಯಿಲ್ಲ.